ರಜೆ ಅರ್ಜಿಯೂ ಎಲ್‌ಟಿಸಿ ಕ್ಲೇಮೂ ಒಟ್ಟಿಗೆ: ಕಾಶಿಗೆ ಹೋಗಿ ಬಂದ ನನ್ನ ಅನುಭವ

ಎಲ್‌ಟಿಸಿ ಅಂದರೆ ರಜೆ ಹಾಕಿ ಕುಟುಂಬದ ಜೊತೆ ಹೋಗಿ ಬಂದ ಪ್ರಯಾಣದ ಟಿಕೆಟ್ ಖರ್ಚನ್ನು ಸರ್ಕಾರ ಕೊಡುವ ಸೌಲಭ್ಯ. ಅದರ ಬಿಲ್ಲು ವಾಪಸ್ ಬರುವುದು ಹೆಚ್ಚಾಗಿ ಟಿಕೆಟ್ ಇಲ್ಲ ಅಂತಲ್ಲ. ರಜೆ ಅರ್ಜಿಯಲ್ಲಿ ಒಂದು ದಿನಾಂಕ, ಟಿಕೆಟ್‌ನಲ್ಲಿ ಇನ್ನೊಂದು. ಸೇವಾ ಪುಸ್ತಕದಲ್ಲಿ ಒಂದು ಹೆಸರು, ಟಿಕೆಟ್‌ನಲ್ಲಿ ಬೇರೆ ಹೆಸರು. ಹೋಗುತ್ತೇನೆ ಅಂತ ಬರೆದುಕೊಟ್ಟ ಊರು ಒಂದು, ರೈಲು ಇಳಿದ ಊರು ಮತ್ತೊಂದು. ದಿನ, ಹೆಸರು, ಊರು ಈ ಮೂರೂ ಎಲ್ಲ ಕಾಗದಗಳಲ್ಲೂ ತಾಳೆಯಾದರೆ ಉಳಿದದ್ದು ಸಲೀಸು. ಕೇಂದ್ರ ಸರ್ಕಾರಿ ನೌಕರನಾಗಿ 2025ರ ಡಿಸೆಂಬರ್‌ನಲ್ಲಿ ನಾನು, ಹೆಂಡತಿ, ಮಗ, ಅಮ್ಮ ಬೆಂಗಳೂರಿನಿಂದ ಕಾಶಿಗೆ ಹೋಗಿ ಬಂದೆವು. ಆಗ ಈ ತಾಳೆಯನ್ನು ಹೇಗೆ ಹೊಂದಿಸಿಕೊಂಡೆ ಅಂತ ಬರೆಯುತ್ತಿದ್ದೇನೆ. ರಾಜ್ಯ ಸರ್ಕಾರಿ ನೌಕರರಿಗೆ ನಿಯಮ ಬೇರೆ. ಇದು ಕೇಂದ್ರದ 1988ರ ಎಲ್‌ಟಿಸಿ ನಿಯಮಗಳ ಪ್ರಕಾರ ನಡೆದದ್ದು.

ಮೊದಲು ನೋಡಬೇಕಾದದ್ದು ಬ್ಲಾಕ್. ನಾಲ್ಕು ವರ್ಷದ ಒಂದು ಬ್ಲಾಕ್‌ನಲ್ಲಿ ಎರಡು ಸಲ ಸ್ವಂತ ಊರಿಗೆ ಹೋಗಬಹುದು. ಇಲ್ಲವೇ ಒಂದು ಸಲ ಊರಿಗೆ, ಇನ್ನೊಂದು ಸಲ ಭಾರತದ ಯಾವ ಜಾಗಕ್ಕಾದರೂ ಹೋಗಬಹುದು. 2022–25ರ ಬ್ಲಾಕ್‌ನಲ್ಲಿ ನಾನು ಊರಿಗೆ, ಅಂದರೆ ಗದಗಕ್ಕೆ, ಒಮ್ಮೆ ಹೋಗಿದ್ದೆ. ಎರಡನೆಯದು ಹಾಗೇ ಉಳಿದಿತ್ತು. ನೆನಪನ್ನು ನಂಬದೆ ಆಡಳಿತ ವಿಭಾಗಕ್ಕೆ ಹೋಗಿ ಸೇವಾ ಪುಸ್ತಕದ ಎಲ್‌ಟಿಸಿ ಪುಟವನ್ನೇ ನೋಡಿದೆ. ಅದೇ ಕೈಯಲ್ಲಿ ಕುಟುಂಬದ ವಿವರವನ್ನೂ ನೋಡಿದ್ದು ಒಳ್ಳೆಯದಾಯಿತು. ಸೇವಾ ಪುಸ್ತಕದಲ್ಲಿ ಅಮ್ಮನ ಹೆಸರಿನ ಕೊನೆಗೆ 'ಬಾಯಿ' ಇದೆ, ಆಧಾರ್‌ನಲ್ಲಿ ಇಲ್ಲ. ರೈಲಿನಲ್ಲಿ ಗುರುತಿಗೆ ತೋರಿಸುವುದು ಆಧಾರ್, ಹಾಗಾಗಿ ಟಿಕೆಟ್ ಆ ಹೆಸರಲ್ಲೇ ಇರಬೇಕು. ಎರಡೂ ಹೆಸರು ಒಬ್ಬರದೇ ಅಂತ ಒಂದು ಪತ್ರ ಬರೆದು, ಆಧಾರ್ ಪ್ರತಿ ಲಗತ್ತಿಸಿ ಮೊದಲೇ ಕೊಟ್ಟೆ.

ಅಮ್ಮನನ್ನು ಸೇರಿಸಿಕೊಳ್ಳಲು ಅವರು ನನ್ನ ಅವಲಂಬಿತರು ಅಂತ ಘೋಷಣೆ ಕೊಡಬೇಕು. ಎಲ್ಲ ಮೂಲಗಳಿಂದ ಬರುವ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆ, ಇಷ್ಟನ್ನು ಮೀರಬಾರದು. ಹೆಂಡತಿ ಕೆಲಸದಲ್ಲಿದ್ದರೆ ಇನ್ನೊಂದು ಘೋಷಣೆ ಬೇಕು: ಅವರು ತಮ್ಮ ಕಡೆಯಿಂದ ಇದೇ ಸೌಲಭ್ಯವನ್ನು ಬೇರೆಯಾಗಿ ಪಡೆದಿಲ್ಲ ಅಂತ. ನನ್ನ ಹೆಂಡತಿ ಶಾಲೆಯಲ್ಲಿ ಪಾಠ ಮಾಡುತ್ತಾರೆ. ಅವರಿಗೆ ಅಲ್ಲಿ ಎಲ್‌ಟಿಸಿ ಇಲ್ಲ. ಆದರೂ ಕೇಳುವ ಮೊದಲೇ ಶಾಲೆಯಿಂದ ಎರಡು ಸಾಲಿನ ಪತ್ರ ತಂದು ಜೊತೆಗೆ ಇಟ್ಟೆ.

ಈಗ ರಜೆ. ಎಲ್‌ಟಿಸಿಗೆ ಗಳಿಕೆ ರಜೆಯೇ, ಅಂದರೆ ಇಎಲ್ಲೇ, ಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ, ಸಾಂದರ್ಭಿಕ ರಜೆ, ಅಂದರೆ ಸಿಎಲ್, ಹಾಕಿಯೂ ಹೋಗಬಹುದು. ಆದರೆ ಯಾವುದಾದರೂ ಒಂದು ರಜೆ ಇರಲೇಬೇಕು. ಬರೀ ಶನಿವಾರ, ಭಾನುವಾರ, ಹಬ್ಬದ ರಜೆಗಳನ್ನು ಜೋಡಿಸಿಕೊಂಡು ಹೋಗಿ ಬಂದರೆ ಕ್ಲೇಮ್ ನಿಲ್ಲುವುದಿಲ್ಲ. ನಾನು ಡಿಸೆಂಬರ್ 8ರ ಸೋಮವಾರದಿಂದ 12ರ ಶುಕ್ರವಾರದವರೆಗೆ ಐದು ದಿನ ಇಎಲ್ ಕೇಳಿದೆ. ಹಿಂದಿನ ಶನಿವಾರ ಭಾನುವಾರ ಮುಂಚೆ, ಮುಂದಿನ ಶನಿವಾರ ಭಾನುವಾರ ಆಮೇಲೆ ಸೇರಿಸಲು ಅನುಮತಿ ಕೇಳಿದೆ. 6ರಿಂದ 14ರವರೆಗೆ ಕೇಂದ್ರಸ್ಥಾನ, ಅಂದರೆ ಕೆಲಸದ ಊರು, ಬಿಡಲು ಅನುಮತಿಯನ್ನೂ ಅದೇ ಅರ್ಜಿಯಲ್ಲಿ ಬರೆದೆ. ಈ ಕೊನೆಯ ಸಾಲನ್ನು ತುಂಬ ಜನ ಬಿಡುತ್ತಾರೆ. ನನ್ನ ರೈಲು ಇದ್ದದ್ದು ಶನಿವಾರ 6ಕ್ಕೆ. ಅರ್ಜಿಯಲ್ಲಿ ಬರೀ 8ರಿಂದ 12 ಅಂತ ಇದ್ದಿದ್ದರೆ, 'ಟಿಕೆಟ್ ರಜೆಗಿಂತ ಮುಂಚಿನ ದಿನಾಂಕದ್ದು, ಯಾಕೆ?' ಅನ್ನುವ ಪ್ರಶ್ನೆ ಬಿಲ್ಲಿನ ಮೇಲೆ ಬರುತ್ತಿತ್ತು. ಅದಕ್ಕೆ ಉತ್ತರ ಕೊಡಬಹುದು. ಆದರೆ ಕಡತ ಅಷ್ಟು ದಿನ ಅಲ್ಲೇ ಕೂರುತ್ತದೆ.

ರಜೆ ಅರ್ಜಿಯ 'ಉದ್ದೇಶ' ಅನ್ನುವ ಜಾಗದಲ್ಲಿ 'ವೈಯಕ್ತಿಕ' ಅಂತ ಬರೆಯಬೇಡಿ. ನಾನು ಬರೆದದ್ದು ಇಷ್ಟು: '2022–25ರ ಬ್ಲಾಕ್‌ನ ಅಖಿಲ ಭಾರತ ಎಲ್‌ಟಿಸಿ ಮೇಲೆ ಕುಟುಂಬ ಸಮೇತ ವಾರಾಣಸಿಗೆ.' ಹೋಗುವ ಜಾಗವನ್ನು ಹೊರಡುವ ಮೊದಲೇ ಘೋಷಿಸಬೇಕು ಅನ್ನುವುದು ನಿಯಮ. ಮನಸ್ಸು ಬದಲಾದರೆ ಅದನ್ನೂ ಹೊರಡುವ ಮೊದಲೇ ಬರೆದುಕೊಟ್ಟು ಬದಲಾಯಿಸಿಕೊಳ್ಳಬೇಕು.

ರಜೆ ನಗದೀಕರಣವನ್ನೂ ಇದರ ಜೊತೆಗೇ ಕೇಳಬೇಕು. ಬಂದ ಮೇಲೆ ಕೇಳೋಣ ಅಂದರೆ ಸಾಮಾನ್ಯವಾಗಿ ಆಗುವುದಿಲ್ಲ. ಒಂದು ಎಲ್‌ಟಿಸಿಗೆ ಹತ್ತು ದಿನದವರೆಗೆ ಇಎಲ್ ಮಾರಬಹುದು, ಇಡೀ ಸೇವೆಯಲ್ಲಿ ಒಟ್ಟು ಅರವತ್ತು ದಿನ. ಎಷ್ಟು ದಿನ ರಜೆ ಹಾಕಿದ್ದೀರಿ ಅನ್ನುವುದಕ್ಕೂ ಎಷ್ಟು ದಿನ ಮಾರುತ್ತೀರಿ ಅನ್ನುವುದಕ್ಕೂ ಸಂಬಂಧವಿಲ್ಲ. ಐದು ದಿನ ಇಎಲ್ ಹಾಕಿ ಹತ್ತು ದಿನದ್ದು ಮಾರಬಹುದು. ಆದರೆ ಹಾಕಿದ ರಜೆ, ಮಾರಿದ ರಜೆ ಎರಡನ್ನೂ ಕಳೆದ ಮೇಲೆ ಖಾತೆಯಲ್ಲಿ ಕನಿಷ್ಠ ಮೂವತ್ತು ದಿನ ಉಳಿದಿರಬೇಕು. ನಿಮ್ಮ ಖಾತೆಯಲ್ಲಿ 45 ದಿನ ಇದೆ ಅನ್ನಿ. ಐದು ಹಾಕಿ ಹತ್ತು ಮಾರಿದರೆ ಸರಿಯಾಗಿ 30 ಉಳಿಯುತ್ತದೆ, ಸಿಗುತ್ತದೆ. 44 ಇದ್ದರೆ ಒಂಬತ್ತು ದಿನ ಮಾತ್ರ. ಲೆಕ್ಕ ಸುಲಭ: ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, ಮೂವತ್ತರಿಂದ ಭಾಗಿಸಿ, ದಿನಗಳಿಂದ ಗುಣಿಸುವುದು. ಮನೆ ಬಾಡಿಗೆ ಭತ್ಯೆ ಸೇರುವುದಿಲ್ಲ. ಮೂಲ ವೇತನ 50,500, ಆಗಿನ ತುಟ್ಟಿಭತ್ಯೆ 58 ಶೇಕಡಾ ಅಂದರೆ 29,290. ಒಟ್ಟು 79,790. ಹತ್ತು ದಿನಕ್ಕೆ ಸುಮಾರು 26,597 ರೂಪಾಯಿ. ಇದು ಸಂಬಳದ ಹಾಗೇ ತೆರಿಗೆಗೆ ಬರುತ್ತದೆ, ಅದನ್ನು ಮರೆಯಬೇಡಿ.

ರೈಲು ಟಿಕೆಟ್ ಅರವತ್ತು ದಿನ ಮುಂಚೆ ತೆರೆಯುತ್ತದೆ. ಹಾಗಾಗಿ ಇದೆಲ್ಲ ಅಕ್ಟೋಬರ್ ಮೊದಲ ವಾರದೊಳಗೆ ಮುಗಿಯಬೇಕಿತ್ತು. ಟಿಕೆಟ್ ದರದ ಶೇಕಡಾ 90ರಷ್ಟು ಮುಂಗಡ ಸಿಗುತ್ತದೆ. ಸುಲಭ ಲೆಕ್ಕಕ್ಕೆ ಒಬ್ಬರಿಗೆ ಒಂದು ಕಡೆಗೆ 3,000 ಅಂತಿಟ್ಟುಕೊಂಡರೆ, ನಾಲ್ವರಿಗೆ ಹೋಗಿ ಬರಲು 24,000. ಮುಂಗಡ 21,600. ಮುಂಗಡ ತೆಗೆದುಕೊಂಡ ಹತ್ತು ದಿನದೊಳಗೆ ಟಿಕೆಟ್ ಪ್ರತಿ ಕಚೇರಿಗೆ ಕೊಡಬೇಕು. ನನ್ನ ವೇತನ ಲೆವೆಲ್ 7, ನನಗೆ ಸಲ್ಲುವುದು ಸೆಕೆಂಡ್ ಎಸಿ. ಅದಕ್ಕಿಂತ ಮೇಲಿನ ದರ್ಜೆಯಲ್ಲಿ ಹೋದರೆ ಸೆಕೆಂಡ್ ಎಸಿ ದರವಷ್ಟೇ ಸಿಗುತ್ತದೆ. ಥರ್ಡ್ ಎಸಿಯಲ್ಲಿ ಹೋದರೆ ಕೊಟ್ಟಷ್ಟೇ. ವಿಮಾನದ ಅರ್ಹತೆ ಇರುವವರು ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರರಲ್ಲಿ ಒಂದರಿಂದಲೇ ಟಿಕೆಟ್ ತೆಗೆಯಬೇಕು. ಬೋರ್ಡಿಂಗ್ ಪಾಸ್ ಜೋಪಾನ ಮಾಡಬೇಕು.

ನಾವು ಹೋದದ್ದು ಸಂಘಮಿತ್ರಾ ಎಕ್ಸ್‌ಪ್ರೆಸ್‌ನಲ್ಲಿ. ಅದು ವಾರಾಣಸಿ ಊರೊಳಗೆ ಹೋಗುವುದಿಲ್ಲ. ಹತ್ತಿರದ ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ, ಹಳೆಯ ಮೊಘಲ್‌ಸರಾಯ್‌ನಲ್ಲಿ, ಇಳಿದು ಆಟೋ ಹಿಡಿಯಬೇಕು. ಘೋಷಿಸಿದ ಊರು ವಾರಾಣಸಿ, ಟಿಕೆಟ್‌ನಲ್ಲಿರುವುದು ಬೇರೆ ಹೆಸರು. ಉತ್ತರ ಭಾರತ ನೋಡದ ಗುಮಾಸ್ತರಿಗೆ ಇದು ಹೇಗೆ ಗೊತ್ತಾಗಬೇಕು, ಅಲ್ವಾ? ಟಿಕೆಟ್ ಪ್ರತಿ ಕೊಡುವಾಗಲೇ ಜೊತೆಗಿನ ಪತ್ರದಲ್ಲಿ 'ಈ ರೈಲಿಗೆ ವಾರಾಣಸಿಯ ಹತ್ತಿರದ ನಿಲ್ದಾಣ ಇದು, ಅಲ್ಲಿಂದ ರಸ್ತೆಯಲ್ಲಿ ಹೋಗುತ್ತೇವೆ' ಅಂತ ಬರೆದೆ. ಆಟೋ ಖರ್ಚು, ಸಾರನಾಥಕ್ಕೆ ಹೋಗಿ ಬಂದ ಖರ್ಚು, ದೋಣಿ, ವಸತಿ, ಊಟ ಯಾವುದನ್ನೂ ಕೇಳಲಿಲ್ಲ. ಜಾಗದಲ್ಲಿ ಸುತ್ತಾಡಿದ್ದು ಎಲ್‌ಟಿಸಿಗೆ ಬರುವುದಿಲ್ಲ. ಕೆಲಸದ ಊರಿಂದ ಘೋಷಿಸಿದ ಜಾಗಕ್ಕೆ, ಅಲ್ಲಿಂದ ವಾಪಸ್ ಅದೇ ಊರಿಗೆ, ಅದೂ ಹತ್ತಿರದ ದಾರಿಯ ದರಕ್ಕೆ ಸೀಮಿತ. ದೆಹಲಿ ಸುತ್ತಿಕೊಂಡು ಹೋದರೂ ಸಿಗುವುದು ನೇರ ದಾರಿಯ ಲೆಕ್ಕವೇ.

ಪುರಾವೆಯ ವಿಷಯದಲ್ಲಿ ರೈಲಿಗೊಂದು ತೊಡಕಿದೆ. ವಿಮಾನದಲ್ಲಾದರೆ ಹತ್ತಿದ್ದಕ್ಕೆ ಬೋರ್ಡಿಂಗ್ ಪಾಸ್ ಇರುತ್ತದೆ. ಇ-ಟಿಕೆಟ್ ಪ್ರಿಂಟ್ ತೋರಿಸುವುದು ಟಿಕೆಟ್ ಕೊಂಡದ್ದನ್ನು ಮಾತ್ರ. ಕೊಂಡು ರದ್ದು ಮಾಡಿ ದುಡ್ಡು ವಾಪಸ್ ಪಡೆಯಲು ಆಗುತ್ತದೆ. ಅದಕ್ಕೇ ಬಿಲ್ ಸೆಕ್ಷನ್‌ನವರು ಪಿಎನ್‌ಆರ್ ನೋಡುತ್ತಾರೆ. ಪ್ರಯಾಣ ಮುಗಿದು ಕೆಲವು ದಿನವಾದರೆ ಪಿಎನ್‌ಆರ್ ಹಾಕಿದರೂ ಏನೂ ಸಿಗುವುದಿಲ್ಲ. ಚಾರ್ಟ್ ಆದ ತಕ್ಷಣ ಬೋಗಿ, ಬರ್ತ್ ಸಂಖ್ಯೆ ತೋರಿಸುವ ಪುಟವನ್ನು ಎರಡೂ ಕಡೆಯ ಪ್ರಯಾಣಕ್ಕೆ ಉಳಿಸಿಕೊಂಡೆ. ಚಾರ್ಟ್ ಸಂದೇಶವನ್ನೂ ಅಳಿಸಲಿಲ್ಲ. ವೇಟಿಂಗ್ ಲಿಸ್ಟ್‌ನಲ್ಲೇ ಉಳಿದ ಇ-ಟಿಕೆಟ್ ತಾನಾಗೇ ರದ್ದಾಗುತ್ತದೆ, ಅದನ್ನು ಬಿಲ್ಲಿಗೆ ಸೇರಿಸಬಾರದು.

ಡಿಸೆಂಬರ್‌ನಲ್ಲಿ ಆ ಕಡೆ ಮಂಜು. ರೈಲುಗಳು ಗಂಟೆಗಟ್ಟಲೆ ತಡ. ಅದಕ್ಕೇ ವಾಪಸ್ ಬರಲು ಗುರುವಾರವೇ ಹೊರಟು ಶನಿವಾರ ಬೆಂಗಳೂರು ಮುಟ್ಟುವ ಹಾಗೆ ಟಿಕೆಟ್ ಮಾಡಿದ್ದೆ. ಭಾನುವಾರ ಕೈಯಲ್ಲಿತ್ತು. ಸೋಮವಾರ ಕೆಲಸಕ್ಕೆ ಹಾಜರಾದದ್ದನ್ನೂ ಬರೆದುಕೊಟ್ಟೆ. ರಜೆ ಆದೇಶ, ಟಿಕೆಟ್, ಹಾಜರಿ ಪತ್ರ ಮೂರೂ ಒಂದೇ ಮಾತು ಹೇಳಬೇಕು.

ಬಿಲ್ಲು ಜಿಎಆರ್ 14-ಸಿ ನಮೂನೆಯಲ್ಲಿ. ಮುಂಗಡ ಪಡೆದಿದ್ದರೆ ವಾಪಸ್ ಬಂದ ಒಂದು ತಿಂಗಳೊಳಗೆ ಕೊಡಬೇಕು, ಪಡೆಯದಿದ್ದರೆ ಮೂರು ತಿಂಗಳು. ಈ ಎರಡು ಗಡುವು ಕಲಸಿಹೋಗಿ ತೊಂದರೆಗೆ ಸಿಕ್ಕವರನ್ನು ನೋಡಿದ್ದೇನೆ. ಗೆಳೆಯರೊಬ್ಬರು ಮುಂಗಡ ಪಡೆದಿದ್ದರೂ 'ಮೂರು ತಿಂಗಳು ಇದೆಯಲ್ಲ' ಅಂತ ಸುಮ್ನೆ ಕೂತರು. ಕೊನೆಗೆ ಪೂರ್ತಿ ಮುಂಗಡವನ್ನು ದಂಡದ ಬಡ್ಡಿ ಸೇರಿಸಿ ಕಟ್ಟಬೇಕಾಯಿತು. ನಾನು ಬಂದ ವಾರವೇ ಕೊಟ್ಟೆ: ಬಿಲ್ಲು, ಟಿಕೆಟ್‌ಗಳು, ಚಾರ್ಟ್ ಪುಟಗಳು, ರಜೆ ಮಂಜೂರಾತಿ ಮತ್ತು ಮುಂಗಡ ಆದೇಶದ ಪ್ರತಿ, ಘೋಷಣೆಗಳು, ಹೆಸರಿನ ಪತ್ರ. ಎಲ್ಲದರ ಒಂದು ಪ್ರತಿ ನನ್ನ ಹತ್ತಿರ, ಮೇಲೆ ಸ್ವೀಕೃತಿಯ ಸಹಿ ದಿನಾಂಕ ಸಮೇತ.

ಆಕ್ಷೇಪಣೆ ಏನೂ ಬರಲಿಲ್ಲ. ಮುಂಗಡ ಕಳೆದು ಉಳಿದ ಹಣ ಖಾತೆಗೆ ಬಂತು. ಆಮೇಲೆ ಮತ್ತೊಮ್ಮೆ ಸೇವಾ ಪುಸ್ತಕ ತೆಗೆಸಿ ನೋಡಿದೆ. ಯಾವ ಬ್ಲಾಕ್, ಯಾವ ಜಾಗ, ಯಾರು ಯಾರು ಹೋದದ್ದು ಅಂತ ಒಂದು ನಮೂದು. ರಜೆ ಖಾತೆಯಲ್ಲಿ ಹಾಕಿದ ಐದು, ಮಾರಿದ ಹತ್ತು ಬೇರೆ ಬೇರೆಯಾಗಿ ಕಳೆದಿರಬೇಕು. ಮಾರಿದ ಹತ್ತು ಅರವತ್ತರ ಲೆಕ್ಕಕ್ಕೆ ಸೇರಿರಬೇಕು. ನಿವೃತ್ತಿ ಹತ್ತಿರ ಬಂದಾಗ ಹಳೆಯ ಆದೇಶ ಹುಡುಕುವುದಕ್ಕಿಂತ, ಈಗಲೇ ಆ ಪುಟಕ್ಕೆ ಅಧಿಕಾರಿಯ ಸಹಿ ಬಿದ್ದಿದೆಯೇ ಅಂತ ನೋಡಿಕೊಂಡು ಬರುವುದು ಐದು ನಿಮಿಷದ ಕೆಲಸ.