ಎದೆ ಬಡಿದುಕೊಳ್ಳುತ್ತಿರುವಾಗಲೇ ಹರಿಹರದ ಬಸ್ಸು ಹತ್ತುವುದು

ದಾವಣಗೆರೆಯಲ್ಲಿ ಆಪ್ತಸಮಾಲೋಚನೆಗೆ ನನ್ನ ಬಳಿ ಬರುವವರಲ್ಲಿ ಬಹಳ ಮಂದಿಯ ದೂರು ಒಂದೇ. ಬಸ್ಸಿನಲ್ಲೋ ಸಂತೆಯಲ್ಲೋ ಮದುವೆ ಛತ್ರದಲ್ಲೋ ಇದ್ದಕ್ಕಿದ್ದಂತೆ ಎದೆ ಬಡಿತ ಏರಿ, ಬೆವರು ಕಿತ್ತು, ಇನ್ನೇನು ಸತ್ತೇ ಹೋದೆ ಅನ್ನಿಸಿರುತ್ತದೆ. ಅಲ್ಲಿಂದ ಮುಂದೆ ಆ ದಾರಿಗೇ ಹೋಗುವುದಿಲ್ಲ. ಇಂಥವರಿಗೆ ನಾನು ಬಳಸುವುದು ಸ್ವೀಕಾರ ಮತ್ತು ಬದ್ಧತೆ ಚಿಕಿತ್ಸೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು 1980ರ ದಶಕದಿಂದ ಬೆಳೆಸಿದ ಈ ವಿಧಾನವನ್ನು ನಮ್ಮ ವೃತ್ತಿಯವರು ಚಿಕ್ಕದಾಗಿ 'ಆಕ್ಟ್' ಅನ್ನುತ್ತೇವೆ.

ಹಲವರ ವಿವರ ಬೆರೆಸಿ ಒಬ್ಬರನ್ನು ಮಾಡಿಕೊಳ್ಳೋಣ. ಎಪಿಎಂಸಿಯ ಮೆಕ್ಕೆಜೋಳದ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ನಲವತ್ತರ ಆಸುಪಾಸು. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ಆಗಿ, ಹೃದಯದಲ್ಲಿ ಏನೂ ಇಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಆ ಚೀಟಿ ನೋಡದೆ ನಾನು ಮುಂದಿನ ಯಾವ ಹೆಜ್ಜೆಯನ್ನೂ ಇಡುವುದಿಲ್ಲ. ಅವರ ತಾಯಿ ಇರುವುದು ಹರಿಹರದಲ್ಲಿ, 14 ಕಿಲೋಮೀಟರು ದೂರ. ಆ ಬಸ್ಸು ಹತ್ತಿ ಒಂದು ವರ್ಷವಾಗಿದೆ. ಅವರ ಮೊದಲ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ: "ಈ ಭಯ ಒಂದು ಹೋಗ್ಬಿಡ್ಲಿ ಮೇಡಂ, ಆಮೇಲೆ ದಿನಾ ಬೇಕಾದ್ರೂ ಅವ್ವನ್ನ ನೋಡ್ಕಂಡ್ ಬರ್ತೀನಿ."

ಆಕ್ಟ್‌ನ ಕೆಲಸವೆಲ್ಲ ಈ ಒಂದು ವಾಕ್ಯದ ಮೇಲೆಯೇ. ಮೊದಲು ಭಯ ಹೋಗಬೇಕು, ಆಮೇಲೆ ಬದುಕು ಎಂಬ ಅನುಕ್ರಮವನ್ನು ನಾವು ಒಪ್ಪುವುದಿಲ್ಲ. ಭಯ ಇರುವಾಗಲೇ ಅದನ್ನು ಇರಗೊಟ್ಟು, ತನಗೆ ಮುಖ್ಯವಾದ ಕಡೆ ಕಾಲು ಹಾಕಬಲ್ಲೆ ಅನ್ನುವುದೇ ಮಾನಸಿಕ ನಮ್ಯತೆ. ಶಾಂತವಾಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆದರೆ ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಇಳಿಯುವುದಿಲ್ಲ. ಹಾಗಾಗಿ ಮೊದಲ ಭೇಟಿಯಲ್ಲಿ ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಸುತ್ತೇನೆ: ಭಯ ಕಡಿಮೆಯಾಗಲಿ ಎಂದು ಏನೇನು ಮಾಡಿದಿರಿ, ಆ ಹೊತ್ತಿಗೆ ಏನಾಯಿತು, ವರ್ಷದಲ್ಲಿ ಅದರಿಂದ ಏನು ಕಳೆದುಕೊಂಡಿರಿ. ಇವರ ಪಟ್ಟಿಯಲ್ಲಿ ನೀರಿನ ಬಾಟಲಿ, ಜೇಬಿನಲ್ಲಿ ಮಾತ್ರೆ, ಬಾಗಿಲ ಪಕ್ಕದ ಸೀಟು, ದಾರಿಯುದ್ದಕ್ಕೂ ಹೆಂಡತಿಗೆ ಫೋನು, ಕೊನೆಗೆ ಬಸ್ಸೇ ಬಿಟ್ಟದ್ದು, ಎಲ್ಲ ಬರುತ್ತವೆ. ಎರಡನೆಯ ಅಂಕಣದಲ್ಲಿ ಪ್ರತಿಯೊಂದರ ಮುಂದೆಯೂ 'ಸಮಾಧಾನವಾಯಿತು' ಎಂದೇ ಇರುತ್ತದೆ. ಮೂರನೆಯದನ್ನು ಬರೆಯುವಾಗ ಪೆನ್ನು ನಿಧಾನವಾಗುತ್ತದೆ. ಅವ್ವನ ಕಣ್ಣಿನ ಆಪರೇಷನ್ನಿಗೆ ಹೋಗಲಿಲ್ಲ, ತಂಗಿಯ ಮನೆ ಗೃಹಪ್ರವೇಶಕ್ಕೆ ಹೋಗಲಿಲ್ಲ. ಇಲ್ಲಿ ನಾನು ಬುದ್ಧಿ ಹೇಳುವುದಿಲ್ಲ, ಹಾಳೆ ಸಾಕು. ಪ್ರತಿ ಉಪಾಯವೂ ಆ ಕ್ಷಣಕ್ಕೆ ಕೆಲಸ ಮಾಡಿದೆ, ಬಿಡಲಾಗದಿರುವುದು ಅದಕ್ಕೇ.

ಎರಡನೆಯ ಭೇಟಿ ವಿಚಾರಗಳದ್ದು. 'ಎದೆ ನಿಂತು ಹೋಗುತ್ತದೆ' ಎಂಬುದನ್ನು ಸುಳ್ಳೆಂದು ವಾದಿಸಿ ಗೆಲ್ಲಲು ಹೋಗುವುದಿಲ್ಲ. ವಾದಕ್ಕೆ ಇಳಿದಷ್ಟೂ ಅದು ಮುಖ್ಯ ವಿಷಯವಾಗುತ್ತದೆ. ಬದಲಿಗೆ ಅದೇ ವಾಕ್ಯವನ್ನು ಮೂರು ಬಗೆಯಲ್ಲಿ ಹೇಳಿಸುತ್ತೇನೆ: "ಎದೆ ನಿಂತು ಹೋಗುತ್ತೆ." "ಎದೆ ನಿಂತು ಹೋಗುತ್ತೆ ಅನ್ನೋ ವಿಚಾರ ನನಗೆ ಬರ್ತಾ ಇದೆ." "ಆ ವಿಚಾರ ಬರ್ತಾ ಇರೋದನ್ನ ನಾನು ಗಮನಿಸ್ತಾ ಇದೀನಿ." ಒಂದೊಂದರ ನಡುವೆ ಹತ್ತು ಸೆಕೆಂಡು ಬಿಡಬೇಕು. ಇನ್ನೊಂದು, 'ಹಾರ್ಟ್ ಅಟ್ಯಾಕ್' ಎಂಬ ಮಾತನ್ನು 30 ಸೆಕೆಂಡು ಗಟ್ಟಿಯಾಗಿ, ವೇಗವಾಗಿ ಹೇಳುತ್ತಲೇ ಇರುವುದು. ಕೊನೆಗೆ ಬರೀ ಸದ್ದು ಉಳಿಯುತ್ತದೆ. ಕೆಲವರಿಗೆ ನಗು ಬರುತ್ತದೆ. ಹತ್ತಿರದವರನ್ನು ಹೃದಯಾಘಾತದಲ್ಲಿ ಈಚೆಗೆ ಕಳೆದುಕೊಂಡವರಿಗೆ ಈ ಎರಡನೆಯದನ್ನು ಮಾಡಿಸುವುದಿಲ್ಲ, ಅವಮಾನ ಮಾಡಿದಂತಾಗುತ್ತದೆ.

ಇಷ್ಟಾದ ಮೇಲೆ ಮೆಟ್ಟಿಲು. ಒಂದು ನಿಮಿಷ ಬಿರುಸಾಗಿ ಹತ್ತಿ ಇಳಿದು, ಕುರ್ಚಿಯಲ್ಲಿ ಕೂತು, ಬಡಿತ ಎಲ್ಲಿ ಶುರುವಾಗಿ ಎಲ್ಲಿಯವರೆಗೆ ಹರಡಿದೆ, ಗಂಟಲಿಗೆ ಬಂದಿದೆಯೇ, ಅಂಗೈ ಬಿಸಿಯೇ ತಂಪೇ ಎಂದು ಹೇಳಬೇಕು. ಇಳಿಸಲು ಯತ್ನಿಸುವಂತಿಲ್ಲ. ನಿಧಾನ ಉಸಿರಾಟವನ್ನೂ ಇಲ್ಲಿ ಬಿಡಿಸುತ್ತೇನೆ. ಅದು ಕೆಟ್ಟದ್ದಲ್ಲ, ಆದರೆ ಇವರ ಕೈಯಲ್ಲಿ ಅದು ಇನ್ನೊಂದು ನೀರಿನ ಬಾಟಲಿಯಾಗುತ್ತದೆ.

ಮೂರನೆಯ ಭೇಟಿಯಲ್ಲಿ, ಏನು ಬೇಕು ಎಂದು ಕೇಳಿದರೆ "ಹೆದರಿಕೆ ಇರಬಾರದು" ಎಂಬ ಉತ್ತರವೇ ಮತ್ತೆ ಬರುತ್ತದೆ. ಅದನ್ನು ಒಂದು ಹೆಣ ನಮಗಿಂತ ಚೆನ್ನಾಗಿ ಮಾಡುತ್ತದೆ ಎಂದು ನಗುತ್ತಲೇ ಹೇಳುತ್ತೇನೆ. ಬದುಕಿರುವವನು ಮಾತ್ರ ಮಾಡಬಹುದಾದದ್ದು ಬೇಕು. 'ಅವ್ವನಿಗೆ ಒದಗುವ ಮಗನಾಗಿರುವುದು' ಅಂಥದ್ದು. ನಮ್ಮ ಕಡೆ ಇಲ್ಲೊಂದು ತೊಡಕಿದೆ. ಮನೆಯವರು, ನೆಂಟರು ಏನಂದಾರು ಎಂಬುದೂ ಮೌಲ್ಯದ ವೇಷದಲ್ಲಿ ಬಂದು ಕೂರುತ್ತದೆ. ಯಾರಿಗೂ ಗೊತ್ತಾಗದಿದ್ದರೂ ಇದನ್ನು ಮಾಡುತ್ತೀರಾ ಎಂದು ಕೇಳಿದರೆ ಸಾಮಾನ್ಯವಾಗಿ ಎರಡೂ ಬೇರೆಬೇರೆಯಾಗುತ್ತವೆ.

ಆಮೇಲೆ ಬಸ್ಸು. ಒಪ್ಪಿ ನಡೆಯುವುದು ಕಟ್ಟೆಯಿಂದ ಹಾರಿದಂತೆ: ಎಷ್ಟೆತ್ತರದ್ದು ಎಂದು ಆರಿಸಬಹುದು, ಅರ್ಧ ಹಾರಲಾಗದು. ಹಾಗಾಗಿ ದೂರ ಮತ್ತು ಸಮಯಕ್ಕೆ ಮಿತಿ ಹಾಕುತ್ತೇವೆ, ಭಯಕ್ಕೆ ಹಾಕುವುದಿಲ್ಲ. ಮೊದಲ ವಾರ ನಗರ ಸಾರಿಗೆಯಲ್ಲಿ ಎರಡು ಸ್ಟಾಪು, ಮೂರು ಸಲ. ಎರಡನೆಯ ವಾರ ಅದೇ ಬಸ್ಸಿನ ಕೊನೆಯ ಸ್ಟಾಪಿನವರೆಗೆ, ನಡುವಿನ ಸೀಟಿನಲ್ಲಿ, ಬಾಟಲಿ ಮನೆಯಲ್ಲಿಟ್ಟು. ಮೂರನೆಯ ವಾರ ಹರಿಹರ, ಫೋನ್ ಮಾಡದೆ. ಡಾಕ್ಟರು ಬರೆದ ಮಾತ್ರೆಯಾಗಿದ್ದರೆ ಅದನ್ನು ನಾನು ಮುಟ್ಟುವುದಿಲ್ಲ, ಅವರ ಹತ್ತಿರವೇ ಮಾತಾಡಿ ಬನ್ನಿ ಅನ್ನುತ್ತೇನೆ. 'ಎದೆ ಬಡಿತ ಜಾಸ್ತಿಯಾದರೆ ಇಳಿಯುತ್ತೇನೆ' ಎಂಬ ಷರತ್ತು ಇಟ್ಟುಕೊಂಡು ಹೊರಟರೆ ಆ ಸಲದ್ದು ಲೆಕ್ಕಕ್ಕಿಲ್ಲ. ಅದರ ಬದಲು ಇನ್ನೂ ಚಿಕ್ಕ ದೂರವನ್ನು ಷರತ್ತಿಲ್ಲದೆ ಹೋಗಿ ಬರುವುದು ಮೇಲು.

ಪ್ರತಿ ಪ್ರಯಾಣವಾದ ಮೇಲೆ ಎರಡು ಅಂಕ ಬರೆಯಬೇಕು, ಎರಡೂ 0ರಿಂದ 10ರವರೆಗೆ: ಭಯ ಎಷ್ಟಿತ್ತು, ಅದು ಇರಲಿ ಎಂದು ಎಷ್ಟು ಬಿಟ್ಟುಕೊಟ್ಟೆ. ಚೀಟಿಯಲ್ಲಿ 'ಭಯ 8, ಬಿಟ್ಟುಕೊಟ್ಟದ್ದು 9, ಹರಿಹರ ತಲುಪಿದೆ' ಎಂದಿದ್ದರೆ ಅದು ಒಳ್ಳೆಯ ದಿನ. 'ಭಯ 2, ಬಿಟ್ಟುಕೊಟ್ಟದ್ದು 1' ಎಂದಿದ್ದರೆ ಏನೋ ಬಚ್ಚಿಟ್ಟುಕೊಂಡು ಹೋಗಿದ್ದಾರೆ. ಇಡೀ ದಾರಿ ಹಾಡು ಕೇಳಿಕೊಂಡು ಹೋದದ್ದು ಕೇಳಿದ ಮೇಲೆ ಗೊತ್ತಾಗುತ್ತದೆ.

ಹೆಚ್ಚು ಸಲ ಕೆಡುವುದು ನಾಲ್ಕನೆಯ ವಾರದ ಹೊತ್ತಿಗೆ. "ಮೇಡಂ, ಆ ವಿಚಾರ ಗಮನಿಸ್ತೀನಿ ಅಂದ್ಕಂಡೆ, ಆದ್ರೂ ಭಯ ಹೋಗ್ಲಿಲ್ಲ." ಅಂದರೆ ಗಮನಿಸುವುದೇ ಭಯ ಓಡಿಸುವ ಹೊಸ ಉಪಾಯವಾಗಿದೆ, ಹೋಯಿತೇ ಎಂದು ನಿಮಿಷಕ್ಕೊಮ್ಮೆ ಇಣುಕಿ ನೋಡುತ್ತಿದ್ದಾರೆ. ಆಗ ಮೊದಲ ದಿನದ ಹಾಳೆ ತೆಗೆದು, ಬಾಟಲಿ, ಮಾತ್ರೆಗಳ ಕೆಳಗೆ 'ಗಮನಿಸುವುದು' ಎಂದೂ ಅವರ ಕೈಯಲ್ಲೇ ಬರೆಸುತ್ತೇನೆ. ಮತ್ತೆ ಎರಡು ಸ್ಟಾಪಿನಿಂದ ಶುರು. ಬಹಳ ಜನರ ಭಯ ಕಾಲಕ್ರಮದಲ್ಲಿ ಇಳಿಯುವುದೂ ಉಂಟು, ಆದರೆ ಅದರ ಭರವಸೆ ಕೊಟ್ಟರೆ ಕೆಲಸ ಕೆಡುತ್ತದೆ.

ಎಲ್ಲದಕ್ಕೂ ಇದೇ ಮದ್ದಲ್ಲ. ಗಂಡ ಹೊಡೆಯುತ್ತಾನೆ ಎಂದು ಬಂದವರಿಗೆ ಭಯವನ್ನು ಇರಗೊಡಿ ಎನ್ನುವುದು ಅನ್ಯಾಯ, ಅಲ್ಲಿ ಮೊದಲು ಸುರಕ್ಷತೆ. ಸಾಯುವ ಯೋಚನೆ ಇರುವವರನ್ನು ಅದೇ ದಿನ ಮನೋವೈದ್ಯರ ಬಳಿ ಕಳಿಸುತ್ತೇನೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಎದೆನೋವು ಹೊಸ ಬಗೆಯದಾಗಿ, ತೋಳಿಗೋ ದವಡೆಗೋ ಹರಡಿದರೆ ಅದನ್ನು ಗಮನಿಸುತ್ತ ಕೂರಬಾರದು, 108ಕ್ಕೆ ಫೋನ್ ಮಾಡಬೇಕು. ಈ ಮಾತನ್ನು ಬಸ್ಸಿನ ಅಭ್ಯಾಸ ಶುರುವಾಗುವ ಮೊದಲೇ, ಒಂದೇ ಸಲ ಹೇಳುತ್ತೇನೆ. ಪ್ರತಿ ವಾರ ಹೇಳಿದರೆ ಅದೂ ಪಟ್ಟಿಗೆ ಸೇರುತ್ತದೆ.