ಆಷಾಢಕ್ಕೆ ಕಾಯದೆ ಹಳೇ ಸೀರೆ ಖಾಲಿ ಮಾಡಿದ್ದು

ದಾವಣಗೆರೆಯಲ್ಲಿ ನಮ್ಮದು ಸೀರೆ ಅಂಗಡಿ. ಆಷಾಢದಲ್ಲಿ ಮದುವೆ ಇರಲ್ಲ, ವ್ಯಾಪಾರ ಮಂಕು. ಅದಕ್ಕೇ ಊರೆಲ್ಲ ರಿಯಾಯಿತಿ ಬೋರ್ಡು. ನಾವೂ ಹಾಕುತ್ತಿದ್ದೆವು. ಆದರೆ ಜ್ಯೇಷ್ಠದಲ್ಲೇ ಗಿರಾಕಿಗಳು ಸೀರೆ ಬಿಚ್ಚಿಸಿ ನೋಡಿ, "ಅಣ್ಣಾ, ಆಷಾಢದಲ್ಲಿ ಕಡಿಮೆ ಮಾಡ್ತೀರಲ್ಲ, ಆಗಲೇ ಬರ್ತೀವಿ ಬಿಡಿ" ಅನ್ನತೊಡಗಿದರು. ಪೂರ್ತಿ ಬೆಲೆಗೆ ಹೋಗಬೇಕಾದ ಹೊಸ ಮಾಲೂ ಹೀಗೆ ನಿಲ್ಲುತ್ತಿತ್ತು.

ಈಗ ಹೊಸ ಡಿಸೈನಿನ ಬೆಲೆ ಆಷಾಢದಲ್ಲೂ ಇಳಿಸುವುದಿಲ್ಲ. ಬಂದು ಆರು ತಿಂಗಳಾದರೂ ಕದಲದ ಮಾಲನ್ನು ಮಾತ್ರ ಬೇರೆ ತೆಗೆದು, ಮದುವೆ ಸೀಸನ್ ಇದ್ದಾಗಲೇ, ಸೀರೆಗೆ ಬೇಕಾದ ಬೇರೆ ವಸ್ತುವಿನ ಜೊತೆ ಜೋಡಿ ಮಾಡಿ ಮಾರುತ್ತೇನೆ. ಶ್ರಾವಣದ ವರಮಹಾಲಕ್ಷ್ಮಿ ಹಬ್ಬದ ಮಾಲು ತರಲು ದುಡ್ಡೂ ಬೇಕು, ಕಪಾಟಿನಲ್ಲಿ ಜಾಗವೂ ಬೇಕಲ್ವಾ?

ಒಂದು ಲೆಕ್ಕ ಹೇಳುತ್ತೇನೆ. 800 ರೂಪಾಯಿಗೆ ತಂದು 1,250ಕ್ಕೆ ಮಾರುವ ಕಾಟನ್ ಸಿಲ್ಕ್ ಸೀರೆ. ಉಳಿದ ಬಣ್ಣಗಳೆಲ್ಲ ಹೋದವು, ಸಾಸಿವೆ ಬಣ್ಣ ನಿಂತುಬಿಟ್ಟಿತು. ಬೆಲೆ ಹಾಗೇ ಇಟ್ಟು, ಜೊತೆಗೆ ಒಳಲಂಗ ಕೊಟ್ಟು ಫಾಲ್, ಜಿಗ್‌ಜಾಗ್ ಮಾಡಿಸಿಕೊಟ್ಟೆ. ಗಿರಾಕಿ ಹೊರಗೆ ಮಾಡಿಸಿದರೆ ಇದಕ್ಕೆ 320 ರೂಪಾಯಿ ಆಗುತ್ತದೆ, ನನಗೆ ಬೀಳುವುದು 190. ಅಂದರೆ ನನ್ನ ಕೈಯಲ್ಲಿ 260 ಉಳಿಯಿತು. ಅದೇ 320 ರೂಪಾಯಿಯನ್ನು ಸೀರೆಯಲ್ಲೇ ಬಿಟ್ಟಿದ್ದರೆ ಸಿಗುತ್ತಿದ್ದುದು 130 ಮಾತ್ರ. ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ: ಆ ಸೀರೆ 930ರದು ಅಂತ ಯಾರ ತಲೆಯಲ್ಲೂ ಕೂರಲಿಲ್ಲ. ಹಸಿರು ಬಣ್ಣ ಮತ್ತೆ ತರಿಸಿದಾಗ 1,250ಕ್ಕೆ ಚೌಕಾಸಿ ಇಲ್ಲದೆ ಹೋಯಿತು.

ಜೋಡಿಸುವ ವಸ್ತು ಆ ಸೀರೆಗೆ ಹೇಗೂ ಬೇಕಾದದ್ದೇ ಆಗಿರಬೇಕು. ಓಡುವ ಸೀರೆಗೆ ಓಡದ ಸೀರೆ ಅಂಟಿಸಿದರೆ, ಬೇಡದ್ದನ್ನು ತಲೆಗೆ ಕಟ್ಟುತ್ತಿದ್ದಾರೆ ಅಂತ ಗಿರಾಕಿಗೆ ತಕ್ಷಣ ಗೊತ್ತಾಗುತ್ತದೆ. "ಇದು ಬೇಡ, ಅದರಲ್ಲೇ ಕಡಿಮೆ ಮಾಡಿ" ಅನ್ನುತ್ತಾರೆ. ಹಾಗೆ ಇಬ್ಬರು ಮೂವರು ಕೇಳಿದರೆ ಆ ಜೋಡಿ ನಿಲ್ಲಿಸುತ್ತೇನೆ. ಬೋರ್ಡು ಹಾಕುವುದಿಲ್ಲ, ಕೌಂಟರಿನಲ್ಲಿ ಸೀರೆ ತೋರಿಸುವಾಗ ಹೇಳುತ್ತೇನೆ, ಅಷ್ಟೇ. ಆ ಬಣ್ಣ ಮುಗಿದರೆ ಅವಕಾಶವೂ ಮುಗಿಯಿತು. ಮುಂದಿನ ವರ್ಷ ಅದೇ ತಿಂಗಳಲ್ಲಿ ಅದೇ ಜೋಡಿ ಇಡುವುದಿಲ್ಲ.

ಮಡಿಕೆಯಲ್ಲಿ ಬಣ್ಣ ಮಾಸಿದ, ಜರಿ ಕಪ್ಪಾದ ಸೀರೆಗೆ ಮಾತ್ರ ಈ ದಾರಿ ನಡೆಯುವುದಿಲ್ಲ. ಅದಕ್ಕೆ ನೇರವಾಗಿ ಬೆಲೆ ಇಳಿಸಲೇಬೇಕು. ಮಾಸಿದ ಜಾಗ ಬಿಚ್ಚಿ ತೋರಿಸಿ, ಅದಕ್ಕೇ ಕಡಿಮೆ ಅಂತ ಹೇಳಿ, ಬಿಲ್ಲಿನಲ್ಲೂ ಹಾಗೇ ಬರೆದು ಅಸಲಿಗೆ ಕೊಡುತ್ತೇನೆ. ಕಾರಣ ಕಣ್ಣೆದುರೇ ಇರುವುದರಿಂದ, ಪಕ್ಕದ ಚೆನ್ನಾಗಿರುವ ಸೀರೆಗೂ ಅದೇ ಬೆಲೆ ಹಾಕಿ ಅಂತ ಯಾರೂ ಕೇಳುವುದಿಲ್ಲ.