ಆಕ್ಸಿಜನ್ ಸಿಲಿಂಡರ್ ತೂಗಿ Z ಕಂಡುಕೊಂಡ ಬಗೆ

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಯಾವ ಫ್ಯಾಬ್ರಿಕೇಶನ್ ಶೆಡ್‌ಗೆ ಹೋದರೂ ಗ್ಯಾಸ್ ಕಟಿಂಗ್‌ಗೆ ಇಟ್ಟ ಕಪ್ಪು ಆಕ್ಸಿಜನ್ ಸಿಲಿಂಡರ್ ಕಾಣುತ್ತದೆ. ನೈಜ ಅನಿಲ ಆದರ್ಶ ಅನಿಲದಿಂದ ಎಷ್ಟು ದೂರ ಸರಿಯುತ್ತದೆ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಒಳಗಿನ ಗಾತ್ರವನ್ನು ಸಿಲಿಂಡರ್‌ನ ಹೆಗಲ ಮೇಲೆ ಕೊರೆದಿರುತ್ತಾರೆ, ಒತ್ತಡ 150 ಬಾರ್ ಸುಮಾರಿಗೆ ಇರುತ್ತದೆ, ಉಳಿದದ್ದನ್ನು ಕಾಟಾ ಹೇಳುತ್ತದೆ. ನಾನು ಮಾಡಿದ ಕ್ರಮವನ್ನೂ ಅದರಲ್ಲಿ ಬಂದ ಅಂಕಿಗಳನ್ನೂ ಇಲ್ಲಿ ಬರೆದಿದ್ದೇನೆ.

ಸಂಪೀಡ್ಯತಾ ಅಂಶ Z ಎಂದರೆ `Z = PV/(nRT)`. ಆದರ್ಶ ಅನಿಲಕ್ಕೆ ಅದು ಯಾವಾಗಲೂ 1. ಅದೇ ಒತ್ತಡ, ಅದೇ ಉಷ್ಣಾಂಶ, ಅದೇ ಸಿಲಿಂಡರ್‌ನಲ್ಲಿ ಲೆಕ್ಕಕ್ಕಿಂತ ಹೆಚ್ಚು ಅನಿಲ ಹಿಡಿದಿದ್ದರೆ Z ಒಂದಕ್ಕಿಂತ ಕಡಿಮೆ. ಹಾಗಾಗಿ ಆದರ್ಶ ಲೆಕ್ಕದ ತೂಕವನ್ನು ನಿಜವಾದ ತೂಕದಿಂದ ಭಾಗಿಸಿದರೆ Z ಬಂದುಬಿಡುತ್ತದೆ.

ಮೊದಲು ಒತ್ತಡದ ಮಾತು, ಏಕೆಂದರೆ ಇಡೀ ಪ್ರಯೋಗ ಹೆಚ್ಚಾಗಿ ಕೆಡುವುದು ಇಲ್ಲೇ. ಕಟಿಂಗ್ ರೆಗ್ಯುಲೇಟರ್ ಮೇಲಿನ ಗೇಜ್ ಈ ಕೆಲಸಕ್ಕೆ ಸಾಲದು. 250 kg/cm² ಗೇಜ್‌ನಲ್ಲಿ ಪೂರ್ಣ ಮಾಪನದ ಶೇ. 2.5 ತಪ್ಪು ಎಂದರೆ ಆರು kg/cm²ಗಿಂತ ಹೆಚ್ಚು. ನಾವು ಹುಡುಕುತ್ತಿರುವ ವ್ಯತ್ಯಾಸವೇ ಶೇ. 5ರಷ್ಟು ಇರುವಾಗ ಅದರಲ್ಲಿ ಬಹುಪಾಲು ಗೇಜ್‌ನ ತಪ್ಪಿನಲ್ಲೇ ಮುಚ್ಚಿಹೋಗುತ್ತದೆ. ಶೇ. 0.25 ದರ್ಜೆಯ ಪರೀಕ್ಷಾ ಗೇಜ್ ಬೇಕು, ಅದೂ ಆಕ್ಸಿಜನ್‌ಗೆಂದೇ ಎಣ್ಣೆ ತೆಗೆದು ಶುಚಿ ಮಾಡಿದ್ದು. ಎಣ್ಣೆ ತುಂಬಿದ ಯಂತ್ರದ ಮೇಲೆ ತಾಳೆ ನೋಡಿದ ಗೇಜನ್ನು ತಂದು 150 ಬಾರ್ ಆಕ್ಸಿಜನ್‌ಗೆ ಜೋಡಿಸಬೇಡಿ. ಒಳಗೆ ಉಳಿದ ಒಂದು ಹನಿ ಎಣ್ಣೆಯೂ ಹೊತ್ತಿಕೊಳ್ಳಬಹುದು. ವಾಲ್ವ್ ತೆರೆಯುವ ಕೈಗೆ ಗ್ರೀಸ್ ಅಂಟಿರಬಾರದು ಎನ್ನುವುದೂ ಇದೇ ಕಾರಣಕ್ಕೆ.

ಗೇಜ್ 152 kg/cm² ತೋರಿಸಿತು. ಅದನ್ನು 0.9807ರಿಂದ ಗುಣಿಸಿದರೆ 149.1 ಬಾರ್. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ, ಆದ್ದರಿಂದ ವಾಯುಮಂಡಲದ ಒತ್ತಡವನ್ನು ಕೂಡಿಸಬೇಕು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು 1.01 ಅಲ್ಲ, ಸುಮಾರು 0.93 ಬಾರ್. ಒಟ್ಟು 150.0 ಬಾರ್. 150ರಲ್ಲಿ ಈ 0.93 ಅಷ್ಟೇನೂ ದೊಡ್ಡದಲ್ಲ, ಆದರೆ ಮುಂದೆ ಕಡಿಮೆ ಒತ್ತಡದಲ್ಲಿ ಓದುವಾಗ ಇದನ್ನು ಮರೆತರೆ ಶೇ. 5ರಷ್ಟು ತಪ್ಪು ಬರುತ್ತದೆ. kg/cm² ಅನ್ನೇ ಬಾರ್ ಎಂದು ಬರೆದುಕೊಂಡರೆ ನೇರವಾಗಿ ಶೇ. 2 ಹೋಯಿತು.

ಉಷ್ಣಾಂಶಕ್ಕೆ ತಾಳ್ಮೆ ಬೇಕು. ತುಂಬಿಸಿ ತಂದ ಸಿಲಿಂಡರ್ ಒಳಗೆ ಬೆಚ್ಚಗಿರುತ್ತದೆ. ಹತ್ತು ಡಿಗ್ರಿ ತಪ್ಪಿದರೆ ತೂಕದಲ್ಲಿ ಶೇ. 3ಕ್ಕಿಂತ ಹೆಚ್ಚು ತಪ್ಪುತ್ತದೆ. ರಾತ್ರಿಯಿಡೀ ನೆರಳಿನಲ್ಲಿ ನಿಲ್ಲಿಸಿ, ನಡುಮಟ್ಟದಲ್ಲಿ ಥರ್ಮಾಮೀಟರ್ ಅಂಟಿಸಿ ಮೇಲೆ ಫೋಮ್ ಕಟ್ಟಿ, ಬೆಳಿಗ್ಗೆ ಸೂರ್ಯ ಏರುವ ಮುಂಚೆ ಓದಿದೆ: 27 ಡಿಗ್ರಿ, ಅಂದರೆ 300.15 K. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದಾಗ ಗೇಜ್ ಕದಲದೆ ಇದ್ದರೆ ಮಾತ್ರ ಆ ಓದನ್ನು ಬರೆದುಕೊಳ್ಳಿ.

ಇನ್ನು ತೂಕ. ಖಾಲಿ ಸಿಲಿಂಡರ್‌ನ ತೂಕವೂ ಹೆಗಲ ಮೇಲೆ ಕೊರೆದಿರುತ್ತದೆ ನಿಜ, ಆದರೆ ಮೇಲೆ ಬಳಿದ ಬಣ್ಣ, ತುಕ್ಕು, ಬದಲಾಯಿಸಿದ ವಾಲ್ವ್, ಇವೆಲ್ಲ ಸೇರಿ ಅದು ಕಾಲು ಕಿಲೋ ಆಚೀಚೆ ಆಗಿದ್ದರೆ ನಮಗೆ ಗೊತ್ತಾಗುವುದಿಲ್ಲ. ಅದನ್ನು ನಂಬದೆ, ಒಂದೇ ಸಿಲಿಂಡರನ್ನು ಎರಡು ಸಲ ತೂಗಿ ವ್ಯತ್ಯಾಸವನ್ನು ಮಾತ್ರ ಬಳಸಿದೆ. 10 ಗ್ರಾಂ ಅಂತರದ ಪ್ಲಾಟ್‌ಫಾರ್ಮ್ ಕಾಟಾ ಸಾಕು. ಎರಡೂ ಸಲ ಗೇಜ್ ತೆಗೆದು, ಟೋಪಿ ತೆಗೆದು, ಒಂದೇ ಜಾಗದಲ್ಲಿ ನಿಲ್ಲಿಸಿ ತೂಗಬೇಕು. ನಡುವೆ ಅನಿಲವನ್ನು ಸುಮ್ಮನೆ ಹೊರಗೆ ಬಿಡಲಿಲ್ಲ. ಮುಚ್ಚಿದ ಶೆಡ್‌ನಲ್ಲಿ ಆಕ್ಸಿಜನ್ ಬಿಡುವುದು ಅಪಾಯ, ಮೇಲಾಗಿ ದುಡ್ಡು ಕೊಟ್ಟು ತಂದದ್ದು. ಎಂದಿನ ಕಟಿಂಗ್ ಕೆಲಸಕ್ಕೇ ಬಳಸಿ, ಗೇಜ್ 20ರ ಹತ್ತಿರ ಬಂದಾಗ ನಿಲ್ಲಿಸಿದೆ. ಅನಿಲ ಹೊರಹೋಗುವಾಗ ಒಳಗೆ ತಣ್ಣಗಾಗುತ್ತದೆ, ಆದ್ದರಿಂದ ಮತ್ತೆ ಒಂದು ರಾತ್ರಿ ಬಿಟ್ಟು, ಅದೇ 27 ಡಿಗ್ರಿಯಲ್ಲಿ ಓದಿದಾಗ 19.4 kg/cm² ಇತ್ತು. ಗಾಳಿಯ ಒತ್ತಡ ಸೇರಿಸಿದರೆ 20 ಬಾರ್.

ಎರಡು ತೂಕಗಳ ವ್ಯತ್ಯಾಸ 8.26 ಕಿಲೋ.

ಪೂರ್ತಿ ಖಾಲಿ ಮಾಡದೆ 20 ಬಾರ್‌ಗೇ ನಿಲ್ಲಿಸಿದ್ದಕ್ಕೆ ಕಾರಣವಿದೆ. 20 ಬಾರ್‌ನಲ್ಲಿ ಆಕ್ಸಿಜನ್‌ನ Z ಸುಮಾರು 0.99, ಅಲ್ಲಿ ಯಾವ ಸೂತ್ರ ಹಾಕಿದರೂ ಉತ್ತರ ಹೆಚ್ಚುಕಡಿಮೆ ಒಂದೇ. ಹೆಗಲ ಮೇಲೆ ಕೊರೆದಿದ್ದ 46.7 ಲೀಟರ್ ಗಾತ್ರಕ್ಕೆ ಆದರ್ಶ ಸೂತ್ರ 1.20 ಕಿಲೋ ಎನ್ನುತ್ತದೆ, ನೈಜ ಅನಿಲಗಳಿಗೆಂದು ಅದನ್ನು ತಿದ್ದಿದ ವ್ಯಾನ್ ಡರ್ ವಾಲ್ಸ್ ಸಮೀಕರಣ 1.22 ಎನ್ನುತ್ತದೆ. 1.21 ಎಂದು ಇಟ್ಟುಕೊಂಡರೆ ಯಾರಿಗೂ ಅನ್ಯಾಯವಿಲ್ಲ. ಹಾಗಾದರೆ ತುಂಬಿದ ಸಿಲಿಂಡರ್‌ನಲ್ಲಿ ಇದ್ದದ್ದು 8.26 + 1.21 = 9.47 ಕಿಲೋ.

ಆದರ್ಶ ಲೆಕ್ಕ ಸುಲಭ. `n = PV/(RT) = 150 × 46.7/(0.083145 × 300.15)`, ಅಂದರೆ 280.7 ಮೋಲ್, 8.98 ಕಿಲೋ. Z = 8.98/9.47 = 0.948. ತೂಕದಲ್ಲಿ 50 ಗ್ರಾಂ ತಪ್ಪಿದ್ದರೂ Z ಬದಲಾಗುವುದು 0.005ರಷ್ಟೇ. ಆದರ್ಶ ಸೂತ್ರ ಸುಮಾರು ಅರ್ಧ ಕಿಲೋ ಆಕ್ಸಿಜನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಇಂಥ ಸಿಲಿಂಡರನ್ನು 7 ಘನ ಮೀಟರ್ ಎಂದು ಮಾರುತ್ತಾರಲ್ಲ, 15 ಡಿಗ್ರಿ ಮತ್ತು 1 ವಾಯುಮಂಡಲ ಒತ್ತಡದಲ್ಲಿ ಆ 7 ಘನ ಮೀಟರ್ ತೂಗುವುದೂ ಸುಮಾರು 9.47 ಕಿಲೋ. ಪ್ರಯೋಗ ದಾರಿ ತಪ್ಪಿಲ್ಲ ಎನ್ನಲು ನನಗೆ ಇದೇ ಆಧಾರ.

ಈಗ ವ್ಯಾನ್ ಡರ್ ವಾಲ್ಸ್: `P = RT/(V-b) - a/V²`. ಇಲ್ಲಿ V ಒಂದು ಮೋಲ್‌ನ ಗಾತ್ರ, a ಕಣಗಳ ಪರಸ್ಪರ ಆಕರ್ಷಣೆಗೆ, b ಕಣಗಳೇ ಹಿಡಿಯುವ ಜಾಗಕ್ಕೆ. ಆಕ್ಸಿಜನ್‌ಗೆ a = 1.382 L²·bar/mol², b = 0.03186 L/mol. ಕೆಲವು ಕೋಷ್ಟಕಗಳಲ್ಲಿ a 1.364 ಎಂದಿರುತ್ತದೆ. ಅದು ವಾಯುಮಂಡಲ ಒತ್ತಡದ ಏಕಮಾನದಲ್ಲಿ ಬರೆದ ಅದೇ ಬೆಲೆ, ಬಾರ್‌ನ R ಜೊತೆ ಅದನ್ನು ಬೆರೆಸಬಾರದು. ಸಮೀಕರಣ V ಬಗ್ಗೆ ಘನ ಸಮೀಕರಣವಾದ್ದರಿಂದ ನೇರವಾಗಿ ಬಿಡಿಸದೆ ಹೀಗೆ ತಿರುಗಿಸಿ ಬರೆದು ಸುತ್ತು ಹಾಕುತ್ತೇನೆ:

```
R, T, P = 0.0831446, 300.15, 150.0
a, b = 1.382, 0.03186
V = R*T/P
for i in range(30):
    V = b + R*T/(P + a/V**2)
    print(i+1, round(V, 4), round(P*V/(R*T), 3))
```

ಆದರ್ಶ ಗಾತ್ರ 0.1664ರಿಂದ ಹೊರಟರೆ ಮೊದಲ ಸುತ್ತಿನಲ್ಲಿ V = 0.1567 ಬರುತ್ತದೆ, Z = 0.942. ಕಾಟಾ ಕೊಟ್ಟ 0.948ರ ಪಕ್ಕದಲ್ಲೇ! ಕ್ಯಾಲ್ಕುಲೇಟರ್ ಹಿಡಿದವರು ಇಲ್ಲಿಗೇ ನಿಲ್ಲಿಸಿ ‘ವ್ಯಾನ್ ಡರ್ ವಾಲ್ಸ್ ಸರಿಯಾಗಿ ಹೊಂದಿತು’ ಎಂದು ಬರೆದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಅದು ಸಮೀಕರಣದ ಉತ್ತರವೇ ಅಲ್ಲ. ಎರಡನೇ ಸುತ್ತಿಗೆ 0.1528, ಮೂರನೆಯದಕ್ಕೆ 0.1512, ನಾಲ್ಕನೆಯದಕ್ಕೆ 0.1504, ಹೀಗೆ ಇಳಿಯುತ್ತಾ ಕೊನೆಗೆ 0.1498ರಲ್ಲಿ ನಿಲ್ಲುತ್ತದೆ. Z = 0.90. ಉತ್ತರ ಬಂದಿದೆಯೋ ಇಲ್ಲವೋ ತಿಳಿಯಲು V ಬೆಲೆಯನ್ನು ಮೂಲ ಸಮೀಕರಣಕ್ಕೆ ಹಾಕಿ: `RT/(V-b) - a/V²`. 0.1498 ಹಾಕಿದರೆ 211.6 − 61.6, ಸರಿಯಾಗಿ 150. ಮೊದಲ ಸುತ್ತಿನ 0.1567 ಹಾಕಿದರೆ 143.6 ಬಾರ್ ಬರುತ್ತದೆ, ಆಗ ಗುಟ್ಟು ರಟ್ಟಾಗುತ್ತದೆ.

0.90 ಎಂದರೆ ತೂಕ 9.98 ಕಿಲೋ. ಆದರ್ಶ ಸೂತ್ರ ಅರ್ಧ ಕಿಲೋ ಕಡಿಮೆ ಹೇಳಿದರೆ ವ್ಯಾನ್ ಡರ್ ವಾಲ್ಸ್ ಅರ್ಧ ಕಿಲೋ ಹೆಚ್ಚು ಹೇಳಿತು. ತಿದ್ದಿದ ದಿಕ್ಕು ಸರಿ, ತಿದ್ದಿದ ಪ್ರಮಾಣ ಸುಮಾರು ಇಮ್ಮಡಿ.

ಇದಕ್ಕೆ ಕಾರಣ a ಮತ್ತು b ಎಲ್ಲಿಂದ ಬಂದವು ಎಂಬುದರಲ್ಲಿದೆ. ಅವನ್ನು ಆಕ್ಸಿಜನ್‌ನ ಸಂದಿಗ್ಧ ಬಿಂದುವಿನಿಂದ, 154.6 K ಮತ್ತು 50.4 ಬಾರ್‌ನಿಂದ, ಲೆಕ್ಕ ಹಾಕಿರುತ್ತಾರೆ. ಸಿಲಿಂಡರ್ ಇರುವುದು ಅದರ ಸುಮಾರು ಎರಡು ಪಟ್ಟು ಉಷ್ಣಾಂಶದಲ್ಲಿ. ಕಣಗಳು ವೇಗವಾಗಿ ಓಡುವಾಗ ಪರಸ್ಪರ ಆಕರ್ಷಣೆಯ ಪರಿಣಾಮ ಕುಗ್ಗುತ್ತದೆ, ಆದರೆ ಸಮೀಕರಣದ a ಉಷ್ಣಾಂಶ ಎಷ್ಟಿದ್ದರೂ ಬದಲಾಗದು. ಹಾಗಾಗಿ 300 Kಯಲ್ಲೂ ಅದು ತಣ್ಣನೆಯ ಆಕ್ಸಿಜನ್‌ನ ಆಕರ್ಷಣೆಯನ್ನೇ ಹಿಡಿದು ಕೂತಿರುತ್ತದೆ. ಇದನ್ನು ಅಳತೆಯಲ್ಲೂ ನೋಡಬಹುದು: ಕಡಿಮೆ ಒತ್ತಡದಲ್ಲಿ Z ಎಷ್ಟು ಬೇಗ ಇಳಿಯುತ್ತದೆ ಎಂದು ಹೇಳುವ `b - a/(RT)` ಇಲ್ಲಿ −23.5 cm³/mol ಬರುತ್ತದೆ, ನಿಜವಾದ ಆಕ್ಸಿಜನ್‌ಗೆ ಅದು ಸುಮಾರು −16.

ಆಕರ್ಷಣೆಯ ಪದವನ್ನು ಉಷ್ಣಾಂಶದ ವರ್ಗಮೂಲದಿಂದ ಭಾಗಿಸುವ ರೆಡ್ಲಿಚ್–ಕ್ವಾಂಗ್ ಸಮೀಕರಣವನ್ನು ಅದೇ ಅಂಕಿಗಳಿಗೆ ಹಾಕಿದೆ. Z = 0.939 ಬಂತು, 9.57 ಕಿಲೋ. ಕಾಟಾದಿಂದ 100 ಗ್ರಾಂ ದೂರ. ಸಾಮಾನ್ಯೀಕೃತ Z ನಕ್ಷೆಯಲ್ಲಿ ಸಂದಿಗ್ಧ ಬಿಂದುವಿನ ಬೆಲೆಗಳಿಂದ ಭಾಗಿಸಿ ಬಂದ ಇಳಿಸಿದ ಉಷ್ಣಾಂಶ 1.94, ಇಳಿಸಿದ ಒತ್ತಡ 2.98 ಹಿಡಿದು ನೋಡಿದರೂ 0.94 ಮತ್ತು 0.95ರ ನಡುವೆ ಸಿಗುತ್ತದೆ. ಸಿಲಿಂಡರ್ ಲೆಕ್ಕಕ್ಕೆ ನಾನು ನಂಬುವುದು ಇವೆರಡನ್ನು. ವ್ಯಾನ್ ಡರ್ ವಾಲ್ಸ್ ಸಮೀಕರಣದಿಂದ a, b ಏನು ಮಾಡುತ್ತವೆ ಎಂದು ಕಲಿಯಬಹುದು, ಆಕ್ಸಿಜನ್ ತೂಕ ಹೇಳಲು ಅದನ್ನು ಬಳಸುವುದಿಲ್ಲ.

ಕೊನೆಗೆ ಒಂದು ಎಚ್ಚರಿಕೆ, ಸಿಎನ್‌ಜಿ ಆಟೋದ ಸಿಲಿಂಡರ್ ಹಿಡಿದು ಇದೇ ಲೆಕ್ಕ ಮಾಡುವವರಿಗೆ. ಶುದ್ಧ ಮೀಥೇನ್‌ಗೆ 300 K, 200 ಬಾರ್‌ನಲ್ಲಿ ವ್ಯಾನ್ ಡರ್ ವಾಲ್ಸ್ 0.82 ಕೊಡುತ್ತದೆ, ನಿಜವಾದ Z ಸುಮಾರು 0.83. ನೋಡಲು ಸೊಗಸಾದ ಹೊಂದಾಣಿಕೆ. ಅದೇ ಸಿಲಿಂಡರ್ ಅರ್ಧ ಖಾಲಿಯಾಗಿ 100 ಬಾರ್‌ಗೆ ಇಳಿದಾಗ ಸಮೀಕರಣ 0.81 ಎನ್ನುತ್ತದೆ, ನಿಜವಾದದ್ದು 0.85ಕ್ಕೂ ತುಸು ಹೆಚ್ಚು. ಕಡಿಮೆ ಒತ್ತಡದಲ್ಲಿ a ಅತಿಯಾಗಿ Z ಅನ್ನು ಕೆಳಗೆಳೆಯುತ್ತದೆ, ಹೆಚ್ಚಿನ ಒತ್ತಡದಲ್ಲಿ b ಅತಿಯಾಗಿ ಮೇಲೆ ತಳ್ಳುತ್ತದೆ, 200 ಬಾರ್‌ನ ಆಸುಪಾಸಿನಲ್ಲಿ ಆ ಎರಡು ತಪ್ಪುಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. 300 ಬಾರ್‌ಗೆ ಹೋದರೆ ಸಮೀಕರಣ 0.98 ಹೇಳುತ್ತದೆ, ಮೀಥೇನ್ ಮಾತ್ರ 0.91ರ ಸುಮಾರಿಗೇ ಇರುತ್ತದೆ. ಆದ್ದರಿಂದ ಒಂದೇ ಒತ್ತಡದಲ್ಲಿ ಹೋಲಿಸಿ ತೀರ್ಮಾನಕ್ಕೆ ಬರಬೇಡಿ. ಕನಿಷ್ಠ ಮೂರು ಒತ್ತಡಗಳಲ್ಲಿ ತೂಗಿ Z ಗೆರೆಯನ್ನು ಎಳೆದು, ಸಮೀಕರಣದ ಗೆರೆ ಅದನ್ನು ಎಲ್ಲಿ ದಾಟುತ್ತದೆ ಎಂದು ನೋಡಿ.